ಕುಂಕುಮ ಹಚ್ಚದ ಆರನೆಯ ಮಷೀನು

ನಲ್ಲಿ ನೀರು ಬಂದಾಗ ಹಂಡೆ ತುಂಬಿಸಿದೆ. ಅತ್ತೆಯ ಕಣ್ಣಿಗೆ ಔಷಧಿಯ ಹನಿ ಹಾಕಿದೆ. ಎರಡು ಸೀರೆ ಒಗೆದೆ. ಒಂದನ್ನು ಹರವಿದೆ, ಇನ್ನೊಂದು ಬಕೆಟ್ಟಿನಲ್ಲೇ ಉಳಿಯಿತು. ಹಾಲಿನವನಿಗೆ ನಾಳೆಯಿಂದ ಅರ್ಧ ಲೀಟರ್ ಸಾಕಪ್ಪಾ ಅಂದೆ. ಆಮೇಲೆ ಕಾರ್ಖಾನೆಗೆ ನಡೆದೆ.

ತೊಂಬತ್ತೊಂಬತ್ತರ ಕಾರ್ತಿಕದ ಅಮಾವಾಸ್ಯೆ ಅದು. ದೊಡ್ಡಬಳ್ಳಾಪುರದಲ್ಲಿ ಅಮಾವಾಸ್ಯೆಗೆ ಮಗ್ಗ ಓಡಿಸುವುದಿಲ್ಲ. ನಮ್ಮದು ಸೀರೆ ನೇಯುವ ಪವರ್‌ಲೂಮ್ ಕಾರ್ಖಾನೆ, ನಾನು ಅಲ್ಲಿ ಬಿಲ್ಲು ಬರೆಯುವವಳು. ಅಲ್ಲಿ ಬಣ್ಣ ಹಾಕಿಸುವ ಮೇಸ್ತ್ರಿಯಾಗಿದ್ದವರು ನನ್ನ ಯಜಮಾನರು. ಭಾದ್ರಪದದಲ್ಲಿ ಹೋಗಿಬಿಟ್ಟರು. ಹದಿನಾಲ್ಕನೇ ದಿನವೇ ನಾನು ಕೆಲಸಕ್ಕೆ ಬಂದೆ. ಯಾರಾದರೂ ಏನಾದರೂ ಕೇಳಿದರೆ ಉತ್ತರ ಕೊಡುತ್ತಿದ್ದೆ, ಅಷ್ಟೆ.

ನಾವು ಮಷೀನು ಅನ್ನುತ್ತಿದ್ದ ಕಾರ್ಖಾನೆಯ ಕಂಪ್ಯೂಟರುಗಳು ವರ್ಷದ ಕೊನೆಯ ಎರಡಂಕಿಯನ್ನಷ್ಟೇ ಇಟ್ಟುಕೊಳ್ಳುತ್ತಿದ್ದವು. ಇನ್ನು ಕೆಲವೇ ವಾರಕ್ಕೆ ಆ ಅಂಕಿ ಸೊನ್ನೆ ಸೊನ್ನೆ ಆಗಿ, ಅವು ಹೊಸ ವರ್ಷವನ್ನು ಸಾವಿರದ ಒಂಬೈನೂರು ಎಂದು ತಿಳಿಯುವುದಿತ್ತು. ಅದನ್ನು ಸರಿಪಡಿಸುವ ತಿದ್ದುಪಡಿಗಳನ್ನು ಬೆಂಗಳೂರಿನ ಕಂಪ್ಯೂಟರ್ ಅಂಗಡಿಯ ಎಂಜಿನಿಯರ್ ಫ್ಲಾಪಿಗಳಲ್ಲಿ, ಸಿ.ಡಿ.ಯಲ್ಲಿ ತರುತ್ತಿದ್ದ. ನಮ್ಮ ಮಾಲೀಕರು ಅವನ್ನು ತೇಪೆ ಅನ್ನುತ್ತಿದ್ದರು. ಕೆಲಸ ನಡೆಯುವಾಗ ತೇಪೆ ಹಾಕಲಾಗದು. ಎಲ್ಲ ಮಷೀನೂ ಒಟ್ಟಿಗೆ ಖಾಲಿ ಇರುವುದು ಅಮಾವಾಸ್ಯೆಗೆ ಮಾತ್ರ. ಮುಂದಿನ ಅಮಾವಾಸ್ಯೆ ಹೊಸ ವರ್ಷ ಹುಟ್ಟಿದ ಮೇಲೆ.

ಹಾಜರಿ ಪುಸ್ತಕದ ಖಾಲಿ ಹಾಳೆಯಲ್ಲಿ ನಾನು ಗೆರೆ ಎಳೆದಿಟ್ಟಿದ್ದೆ. ಒಂದೊಂದು ಸಾಲಿಗೆ ಒಂದೊಂದು ಮಷೀನು, ಅಡ್ಡಕ್ಕೆ ತೇಪೆಗಳ ಹೆಸರು. ಹಾಕಿದ್ದಕ್ಕೆ ಟಿಕ್ಕು ಮತ್ತು ತಾರೀಖು. ಖಾಲಿ ಮನೆ ಕಂಡರೆ ಆ ತೇಪೆ ಬಾಕಿ.

ಎಂಜಿನಿಯರ್ ಪುಸ್ತಕ ನೋಡಿ, ತನ್ನ ಚೀಲದಿಂದ ಮಷೀನು ಮಾರಿದಾಗಿನ ಹಳೆಯ ಕಾಗದ ತೆಗೆದ. "ಮೇಡಂ, ನಿಮ್ಮ ಪಟ್ಟೀಲಿ ಐದಿದೆ. ನಾವು ಕೊಟ್ಟಿರೋದು ಆರು."

"ಆರನೇದನ್ನ ನಾನೇನು ಸಂತೇಲಿ ಮಾರ್ಬಿಟ್ನಾ?" ಅಂದರು ಮಾಲೀಕರು. "ಎಣಿಸಿದ್ದು ಹೆಂಗಮ್ಮಾ?"

"ಆಯುಧಪೂಜೆ ಕುಂಕುಮ ನೋಡಿ."

ನಿಜವಾಗಿ ಹಾಗೇ ಎಣಿಸಿದ್ದೆ. ಪೂಜೆಯ ದಿನ ಎಲ್ಲ ಮಷೀನಿಗೂ ಕುಂಕುಮ ಹಚ್ಚುತ್ತಾರೆ. ಬೊಟ್ಟು ಕಂಡದ್ದನ್ನೆಲ್ಲ ಬರೆದುಕೊಂಡಿದ್ದೆ. ಬಣ್ಣದ ಕೋಣೆಯ ಪಕ್ಕ, ಆರನೆಯ ಮಷೀನಿದ್ದ ನನ್ನ ಯಜಮಾನರ ರೂಮಿಗೆ ಆ ಸಲ ಯಾರೂ ಹೋಗಿರಲಿಲ್ಲ. ಬೀಗವನ್ನು ನಾನೇ ತೆಗೆಯಲಿ ಎಂದು ಬಿಟ್ಟಿದ್ದರು. ಬೀಗದ ಕೈ ನನ್ನ ಚೀಲದಲ್ಲೇ ಇತ್ತು.

ಮಾಲೀಕರು, "ಆ ಬಣ್ಣದ ಲೆಕ್ಕ ಎಲ್ಲ ಅದ್ರಲ್ಲೇ ಅಲ್ವಾ?" ಅಂದರು.

ಅದರಲ್ಲೇ. ಒಂದೊಂದು ಬಣ್ಣಕ್ಕೂ ಯಾವ ಪುಡಿ ಎಷ್ಟು ಗ್ರಾಂ ಅಂತ ನನ್ನ ಯಜಮಾನರು ಆರು ವರ್ಷ ತಿದ್ದಿ ತಿದ್ದಿ ಬರೆದದ್ದು. ಬೇರೆಲ್ಲೂ ಇರಲಿಲ್ಲ. ಅವರು ಹೋದ ಮೇಲೆ ಬಣ್ಣ ಹಾಕುವವರು ನೆನಪಿನ ಮೇಲೇ ನಡೆಸುತ್ತಿದ್ದರು.

ಬೀಗ ತೆಗೆದೆ. ಮಷೀನಿನ ಮೇಲೆ ಧೂಳು ಕುಳಿತಿತ್ತು. ಒರೆಸಿದೆ. ಅಳು ಬರಬಹುದೆಂದು ಕಾದೆ, ಬರಲಿಲ್ಲ.

ಎಂಜಿನಿಯರ್ ನೇರವಾಗಿ ಸಿ.ಡಿ. ಹಾಕಹೋದ. ನಾನು, "ಬೇಡಪ್ಪಾ, ಮೊದಲು ಬೇರೆ ಮಷೀನಲ್ಲಿ ಹಾಕಿ ನೋಡು," ಅಂದೆ. ಬಣ್ಣದ ಲೆಕ್ಕವನ್ನು ಫ್ಲಾಪಿಗಳಿಗೆ ಎರಡು ಪ್ರತಿ ತೆಗೆದೆವು. ಒಂದನ್ನು ಬೀರುವಿನಲ್ಲಿಟ್ಟು, ಇನ್ನೊಂದನ್ನು ಅವನು ತಂದಿದ್ದ ಹೆಚ್ಚುವರಿ ಮಷೀನಿಗೆ ಹಾಕಿ, ಅದರ ತಾರೀಖನ್ನು ಮುಂದಿನ ವರ್ಷಕ್ಕೆ ಓಡಿಸಿದೆವು. ಗಿಣಿಹಸಿರಿಗೆ ಹೊಸ ತಿದ್ದು ಬರೆದು, ಈಚಿನ ಲೆಕ್ಕ ತೋರಿಸು ಎಂದು ಕೇಳಿದೆ. ತೊಂಬತ್ತೊಂಬತ್ತರದನ್ನೇ ತೋರಿಸಿತು. ಸೊನ್ನೆಯನ್ನು ಅದು ಎಲ್ಲಕ್ಕಿಂತ ಹಳೆಯದೆಂದು ತಿಳಿದಿತ್ತು.

"ಹೊಸ ತಿದ್ದು ಬರೆದ್ರೂ ಹಳೇ ಲೆಕ್ಕದಲ್ಲೇ ಬಣ್ಣ ಹಾಕಿರ್ತಿದ್ರು ನೋಡಿ," ಅಂದ ಎಂಜಿನಿಯರ್.

"ಸೆರಗೊಂದು ಹಸಿರು, ಒಡಲೊಂದು ಹಸಿರು. ಬೀಗಿತ್ತಿಗೆ ಉಡುಗೊರೆ ಕೊಡಬೋದಿತ್ತು ಬಿಡು," ಅಂದರು ಮಾಲೀಕರು. ಯಾರೂ ನಗಲಿಲ್ಲ.

ತೇಪೆ ಹಾಕಿ ಮತ್ತೆ ಕೇಳಿದೆ. ಹೊಸದು ಬಂತು. ಅಧಿಕ ವರ್ಷದ ಫೆಬ್ರವರಿ ಇಪ್ಪತ್ತೊಂಬತ್ತನ್ನೂ ಒಪ್ಪಿತು. ಇನ್ನೂ ಎರಡು ಬಣ್ಣ ನೋಡಿದ ಮೇಲೆ ನನ್ನ ಯಜಮಾನರ ಮಷೀನಿಗೆ ಹಾಕಿದೆವು. ನಾಲ್ಕಕ್ಕೆ ಕರೆಂಟು ಹೋಗುವುದಿತ್ತು, ಉಳಿದ ಐದರದೂ ಸೇರಿ ಮೂರೂವರೆಗೆ ಮುಗಿಯಿತು. ತೆರೆಯ ಮೇಲೆ ಗಿಣಿಹಸಿರಿನ ಅವರ ಕೊನೆಯ ತಿದ್ದು ಇತ್ತು: ಬೋರಿನ ನೀರು ಗಡಸು, ಅರ್ಧ ಗ್ರಾಂ ಜಾಸ್ತಿ.

ಪುಸ್ತಕದಲ್ಲಿ ಆರನೆಯ ಸಾಲು ಎಳೆದು ಟಿಕ್ಕು ಹಾಕಿದೆ. ಗೋದಾಮಿನ ಮಷೀನಿನಲ್ಲಿ ಜಾಗ ಸಾಲದೆ, ತಾರೀಖಿಗೆ ಸಂಬಂಧಿಸದ ಪ್ರಿಂಟರಿನ ತೇಪೆ ಒಂದು ಉಳಿಯಿತು. ಆ ಮನೆ ಖಾಲಿ ಬಿಟ್ಟು ಕಾರಣ ಬರೆದೆ, ಮುಂದಿನ ಅಮಾವಾಸ್ಯೆಗೆ ಅಂತ ಸೇರಿಸಿದೆ.

"ಆ ರೂಮಿನ ಬೀಗದ ಕೈ ಇನ್ನು ಆಫೀಸಲ್ಲೇ ಇರ್ಲೇನಮ್ಮಾ?" ಎಂದು ಮಾಲೀಕರು ಮೆಲ್ಲಗೆ ಕೇಳಿದರು. ನಾಳೆ ಬಣ್ಣ ಹಾಕುವವರಿಗೆ ಬೇಕಲ್ಲ. ಮೊಳೆಗೆ ನೇತು ಹಾಕಿ ಬಂದೆ.

ಮನೆಯಲ್ಲಿ ಮುದ್ದೆ, ಅವರೆಕಾಳಿನ ಸಾರು. ಭಾದ್ರಪದದಿಂದೀಚೆಗೆ ಮೊದಲ ಸಲ ನಾನು ಒಂದು ಮುದ್ದೆ ಪೂರ್ತಿ ಉಂಡೆ. ಅತ್ತೆ ನನ್ನ ತಟ್ಟೆ ನೋಡಿದರು. ದಿನವೂ ನಾನು ಮಲಗುವವರೆಗೆ ಎದ್ದಿರುತ್ತಿದ್ದವರು, ಅವತ್ತು ಅವರೇ ಮೊದಲು ಮಲಗಿದರು.