ಕೆಂಪು ಸಾಲುಗಳ ಲೆಕ್ಕ

ಹೊಸಕೋಟೆಯ ಕೈಗಾರಿಕಾ ಪ್ರದೇಶದಲ್ಲಿ ನಾನು ಕೆಲಸ ಮಾಡುತ್ತಿದ್ದ ಕಂಪನಿ, ಹಳ್ಳಿ ಡೈರಿಗಳ ಹಾಲು ತಣ್ಣಗಿಡುವ ಟ್ಯಾಂಕಿಗೆ ಕಂಟ್ರೋಲರ್ ಡಬ್ಬಿ ಮಾಡುತ್ತಿತ್ತು. ಅಲ್ಲೊಂದು ಪದ್ಧತಿ. ಯಾರ ಪ್ರೋಗ್ರಾಮ್ ಬಿಲ್ಡ್ ಆಗುವಾಗ, ಅಂದರೆ ಚಿಪ್ಪಿಗೆ ಹಾಕಲು ಸಿದ್ಧವಾಗುವಾಗ, ಎಷ್ಟು ಎರರ್ ಬಂತೋ ಅದನ್ನು ಗೋಡೆಯ ಟಿವಿಯಲ್ಲಿ ಹೆಸರಿನ ಮುಂದೆ ಕೆಂಪಗೆ ತೋರಿಸುವುದು. ಇದು ನಮ್ಮ ಮ್ಯಾನೇಜರ್ ತಲೆಯಿಂದ ಉದುರಿದ ಮುತ್ತು. ಅವರ ಹೆಸರಿನ ಮುಂದೆ ಯಾವಾಗಲೂ ಸೊನ್ನೆ, ಏಕೆಂದರೆ ಅವರು ಏನನ್ನೂ ಬಿಲ್ಡ್ ಮಾಡುತ್ತಿರಲಿಲ್ಲ.

ನನ್ನ ಪಕ್ಕದ ಹುಡುಗಿ ಹೊಸಕೋಟೆ ಪೇಟೆಯವಳೇ. ಮನೆಯಲ್ಲಿ ದಖನಿ ಉರ್ದು, ನನ್ನೊಡನೆ ಕನ್ನಡ. ಪ್ರೊಬೇಷನ್ ಮುಗಿಯುತ್ತಿತ್ತು. ಡೈರಿಯೊಂದರಲ್ಲಿ ಅವಳ ಡಬ್ಬಿ ಓಡಿದರೆ ಕಾಯಂ, ಇಲ್ಲದಿದ್ದರೆ ಮನೆಗೆ ಎಂದು ಮ್ಯಾನೇಜರ್ ಎಲ್ಲರ ಮುಂದೆ ಹೇಳಿಬಿಟ್ಟಿದ್ದರು. ಪಾಪ, ಅವಳಿಗೆ ಊಟವೂ ಸೇರುತ್ತಿರಲಿಲ್ಲ.

ಹಾಲಿನ ಉಷ್ಣಾಂಶದ ದಾಖಲೆ ಬೇಕೆಂದು ಅವಳು ಅಕ್ಷರ ಹೊರಹಾಕುವ printf ಸೇರಿಸಿದ್ದೇ ತಡ, ಟಿವಿ ತುಂಬ ಕೆಂಪು. _write ಸಿಗಲಿಲ್ಲ, _sbrk ಸಿಗಲಿಲ್ಲ, ಹೀಗೆ ಒಂದು ಪಟಾಲಮ್ಮು. ಗಾಬರಿಯ ವಿಷಯವೇ ಅಲ್ಲ. ನಾವು ಬಳಸುತ್ತಿದ್ದ ನ್ಯೂಲಿಬ್ ಎಂಬ ಪುಟ್ಟ ಸಿ ಲೈಬ್ರರಿಗೆ ಅಕ್ಷರ ಜೋಡಿಸಲು ಬರುತ್ತದೆ. ಆದರೆ ಜೋಡಿಸಿದ್ದನ್ನು ಎಲ್ಲಿಗೆ ಕಳಿಸಬೇಕು, ಜಾಗ ಬೇಕಾದರೆ ಮೆಮೊರಿ ಎಲ್ಲಿಂದ ತರಬೇಕು ಎಂಬುದು ಗೊತ್ತಿಲ್ಲ. ದೊಡ್ಡ ಕಂಪ್ಯೂಟರಿನಲ್ಲಿ ಆಪರೇಟಿಂಗ್ ಸಿಸ್ಟಮ್ ಅದನ್ನು ನೋಡಿಕೊಳ್ಳುತ್ತದೆ. ನಮ್ಮ ಡಬ್ಬಿಯಲ್ಲಿ ಅಂಥದ್ದೇನೂ ಇಲ್ಲ, ಬರಿಯ ಚಿಪ್ಪು. ಆ ಸಣ್ಣ ಫಂಕ್ಷನ್‌ಗಳನ್ನು ನಾವೇ ಬರೆದುಕೊಡಬೇಕು. ಅರ್ಧ ದಿನ ಕೊಡಿ ಸಾರ್ ಎಂದಳು.

ಮ್ಯಾನೇಜರ್ ಕೊಡಲಿಲ್ಲ. ಇಂಟರ್‌ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮ ಬರೆದಿದ್ದ rdimon ಎಂಬ ಒಂದು ಆಯ್ಕೆಯನ್ನು ಪ್ರೋಗ್ರಾಮಿನ ತುಂಡುಗಳನ್ನು ಜೋಡಿಸುವ ಲಿಂಕರ್‌ಗೆ ತಾವೇ ಅಂಟಿಸಿದರು. ಕೆಂಪೆಲ್ಲ ಮಾಯ. ಡೀಬಗರ್ ಎಂಬ ಪರೀಕ್ಷೆಯ ಕೇಬಲ್ ಚುಚ್ಚಿದ್ದ ಡಬ್ಬಿ ಮೇಜಿನ ಮೇಲೆ ಚೆನ್ನಾಗಿ ಓಡಿತು. rdimon ಡೀಬಗರ್ ಇದ್ದಾಗ ಮಾತ್ರ ನಡೆಯುವ ದಾರಿ, ಅಕ್ಷರಗಳನ್ನು ಅದರ ಮೂಲಕ ಲ್ಯಾಪ್‌ಟಾಪಿಗೆ ಕಳಿಸುತ್ತದೆ ಎಂದು ಅವಳೂ ಹೇಳಿದಳು, ನಾನೂ ಹೇಳಿದೆ. ನೆಗೆಟಿವ್ ಮಾತು ಬೇಡ ಎಂದರು. ಟಿವಿ ಹಸಿರಾಗಿತ್ತಲ್ಲ, ಅವರಿಗೆ ಅಷ್ಟು ಸಾಕು.

ನಾವು ಮೂವರೂ ಡೈರಿಗೆ ಹೋಗಿ ಹಚ್ಚಿದರೆ ಡಬ್ಬಿ ಸತ್ತು ಬಿದ್ದಿತ್ತು. ಪವರ್ ದೀಪ ಉರಿಯುತ್ತಿದೆ, ಅಂಕಿ ಒಂದೂ ಇಲ್ಲ. ಬೆಳಗಿನ ಹಾಲು ಟ್ಯಾಂಕಿಗೆ ಬೀಳುತ್ತಿತ್ತು, ಕ್ಯಾನ್ ಹಿಡಿದು ನಿಂತವರು ನಮ್ಮನ್ನೇ ನೋಡುತ್ತಿದ್ದರು. ಮ್ಯಾನೇಜರ್ ವೈರ್ ಬದಲಿಸಿದರು, ಅರ್ಥಿಂಗ್ ಸರಿಯಿಲ್ಲವೆಂದರು, ಕೊನೆಗೆ ಹಳ್ಳಿಯ ಕರೆಂಟನ್ನೇ ಬೈದರು. ಅವಳು ಲ್ಯಾಪ್‌ಟಾಪಿನ ಡೀಬಗರ್ ಕೇಬಲ್ ಚುಚ್ಚಿ ರೀಸೆಟ್ ಮಾಡಿದಳು. ಅಂಕಿ ಬಂತು. ಕೇಬಲ್ ಕಿತ್ತು ಮತ್ತೆ ರೀಸೆಟ್ ಮಾಡಿದಳು, ಹೋಯಿತು. ಅಕ್ಷರ ಪಡೆದುಕೊಳ್ಳುವ ಡೀಬಗರ್ ಇಲ್ಲದಿದ್ದರೆ ಮೊದಲ printfಗೇ ಚಿಪ್ಪು ಫಾಲ್ಟ್ ಆಗಿ ನಿಂತುಬಿಡುತ್ತಿತ್ತು.

ಹಾಗಾದರೆ ಲ್ಯಾಪ್‌ಟಾಪ್ ಇಲ್ಲೇ ಬಿಟ್ಟು ಹೋಗೋಣವೇ ಎಂದು ಆ ಮಹಾಶಯ ನಿಜವಾಗಿಯೂ ಕೇಳಿದರು. ಡೈರಿ ಕಾರ್ಯದರ್ಶಿ ನನ್ನ ಕಡೆ ತಿರುಗಿ, ಇವರು ನಿಮ್ಮ ಮೇಲಿನವರಾ ಎಂದು ವಿಚಾರಿಸಿದರು. ಹೌದೆಂದೆ.

ಕಾರ್ಯದರ್ಶಿ ಟ್ಯಾಂಕನ್ನು ಹಳೆಯ ಸ್ವಿಚ್ಚಿಗೆ ಹಾಕಿಸಿ ಹಾಲು ಉಳಿಸಿದರು. ಅವಳು ಹಾಲು ಅಳೆಯುವ ಮೇಜಿನ ಒಂದು ಮೂಲೆಯಲ್ಲಿ ಕೂತು ಮ್ಯಾನೇಜರ್ ಅಂಟಿಸಿದ್ದನ್ನು ತೆಗೆದಳು. ಕೆಂಪು ಸಾಲುಗಳು ಮತ್ತೆ ಬಂದವು. ಒಂದೊಂದನ್ನೇ ನೋಡಿ ಬರೆದಳು. _write ಅಕ್ಷರಗಳನ್ನು ಡಬ್ಬಿಯದೇ ಸೀರಿಯಲ್ ಪೋರ್ಟಿಗೆ ಕಳಿಸುವಂತೆ. _sbrk ಮೆಮೊರಿ ಕೊಡುತ್ತ, ಪ್ರೋಗ್ರಾಮ್ ಓಡಲು ಮೀಸಲಾದ ಸ್ಟ್ಯಾಕ್ ಹತ್ತಿರ ಬಂದರೆ ಇಲ್ಲ ಎನ್ನುವಂತೆ. ಉಳಿದವಕ್ಕೆ ನಮ್ಮಲ್ಲಿ ಫೈಲುಗಳಿಲ್ಲ ಎಂಬ ಚುಟುಕು ಉತ್ತರ. ಮಧ್ಯಾಹ್ನಕ್ಕೆ ಡಬ್ಬಿ ಕೇಬಲ್ ಇಲ್ಲದೆ ಓಡಿತು. ನನಗೆ ಕಣ್ಣು ತುಂಬಿ ಬಂತು. ಕಾರ್ಯದರ್ಶಿ ಅಲ್ಲೇ ಆರ್ಡರ್ ಖಾತ್ರಿ ಮಾಡಿದರು.

ಮರುವಾರ ಮ್ಯಾನೇಜರ್ ಅವಳನ್ನು ಕರೆದು ಪ್ರೊಬೇಷನ್ ಇನ್ನೂ ಕೆಲವು ತಿಂಗಳು ಮುಂದುವರಿಸಿದ್ದಾಗಿ ಹೇಳಿದರು. ಆ ತಿಂಗಳು ಟಿವಿಯಲ್ಲಿ ಅತಿ ಹೆಚ್ಚು ಕೆಂಪು ಅವಳ ಹೆಸರಿನ ಮುಂದೆ ಇತ್ತಂತೆ. ಡೈರಿಯಲ್ಲಿ ಬಂದ ಸಾಲುಗಳನ್ನೂ ಸೇರಿಸಿದ್ದರು. ಡಬ್ಬಿ ಸತ್ತಿದ್ದಕ್ಕೆ ಟಿವಿಯಲ್ಲಿ ಲೆಕ್ಕವೇ ಇರಲಿಲ್ಲ, ಅದು ಬಿಲ್ಡ್ ಎರರ್ ಅಲ್ಲವಲ್ಲ.

ಅವಳು ದನಿ ಏರಿಸಲಿಲ್ಲ. "ನನ್ ಎರರ್ ಆಫೀಸಲ್ಲೇ ಸಿಕ್ಬಿಡ್ತು ಸಾರ್. ನಿಮ್ದು ಸಿಗೋಕೆ ಡೈರಿವರೆಗೂ ಹೋಗ್ಬೇಕಾಯ್ತು" ಎಂದಳು. ಇದಕ್ಕೆ ಆಟಿಟ್ಯೂಡ್ ಎನ್ನುತ್ತಾರೆ ಎಂದು ಅವರು ತಿಳಿಸಿಕೊಟ್ಟರು. ಅವಳು ರಾಜೀನಾಮೆ ಕಳಿಸಿ, ನನಗೆ ಬರ್ತೀನಿ ಅಕ್ಕಾ ಎಂದು ಹೇಳಿ ಬಸ್ ಸ್ಟ್ಯಾಂಡ್ ಕಡೆ ಹೋದಳು.

ಸ್ವಲ್ಪ ಕಾಲಕ್ಕೆ ಬೇರೆ ಚಿಪ್ಪಿನ ಡಬ್ಬಿ ಶುರುವಾಯಿತು. ಅವಳು ಬರೆದ ಫೈಲನ್ನು ಅದಕ್ಕೆ ಹೊಂದಿಸಬೇಕಿತ್ತು. ಮ್ಯಾನೇಜರ್ ನನ್ನ ಮೇಜಿನ ಬಳಿ ಬಂದು, ಆ ಹುಡುಗಿಗೊಂದು ಫೋನ್ ಮಾಡಮ್ಮ, ಒಂದ್ನಿಮಿಷದಲ್ಲಿ ಹೇಳ್ತಾಳೆ ಎಂದರು. ನಂಬರ್ ನನ್ನ ಬಳಿ ಇತ್ತು, ಕೆಲಸವೂ ನನಗೆ ಬರುತ್ತಿತ್ತು.

"ಅರ್ಧ ದಿನ ಬೇಕು ಸಾರ್" ಎಂದೆ. ಅವರು ಟಿವಿಯನ್ನೊಮ್ಮೆ ನೋಡಿ, ತಗೋಮ್ಮ ಎಂದರು. ಅಂದು ಅವಳಿಗೂ ಅಷ್ಟು ಹೇಳಿದ್ದರೆ ಸಾಕಿತ್ತು.