‘ಹಂಗೇನ್ರಿ’ ಅಂದವನು

ಅಫಜಲಪುರದ ತಹಶೀಲ್ ಕಚೇರಿಯ ಎದುರಿಗೆ ಶರಣಕುಮಾರನದೊಂದು ಝೆರಾಕ್ಸ್ ಅಂಗಡಿ. ಪಹಣಿ, ಜಾತಿ ಪ್ರಮಾಣಪತ್ರ, ಪಿಂಚಣಿ ಅರ್ಜಿ ಅಂತ ಬೆಳಗಿನಿಂದ ಜನ ಬರುತ್ತಲೇ ಇರುತ್ತಾರೆ. ಬಂದವರು ಆಡುವ ಮಾತನ್ನೆಲ್ಲ ಅವನು ಹಾಳಾದ ಪ್ರತಿಗಳ ಹಿಂಬದಿಗೆ ಬರೆದಿಡುತ್ತಿದ್ದ. ವಾರಪೂರ್ತಿ ಹೀಗೆ ಕೂಡಿಟ್ಟ ಮಾತುಗಳು ಭಾನುವಾರ ಬೆಳಿಗ್ಗೆ ಗೆಳೆಯ ತೌಸೀಫನ ಮನೆಯ ಮಾಳಿಗೆಯ ಮೇಲೆ ಎರಡು-ಮೂರು ನಿಮಿಷದ ನಗೆ ವಿಡಿಯೊ ಆಗುತ್ತಿದ್ದವು.

ಅವರದು ನಾಲ್ಕೇ ಜನರ ತಂಡ. ಬರೆಯುವುದು, ನಾಯಕನಾಗುವುದು, ಆಮೇಲೆ ಫೋನಿನಲ್ಲೇ ಕತ್ತರಿಸಿ ಜೋಡಿಸುವುದು ಶರಣಕುಮಾರ. ಚಿತ್ರ ತೆಗೆಯುವುದು ಮದುವೆ ಫೋಟೊಗ್ರಾಫರ್ ತೌಸೀಫ. ಹೆಂಡತಿ, ಅತ್ತೆ, ಟೀಚರು ಎಲ್ಲ ಆಗುವವಳು ಬಿ.ಎಡ್. ಓದುತ್ತಿದ್ದ ಪಂಚಶೀಲಾ. ನಾಲ್ಕನೆಯವನು ಅಂಬಾರಾಯ, ಗೊಬ್ಬರದ ಅಂಗಡಿಯ ಸಾಮಾನು ಸಾಗಿಸುವ ಆಟೊ ಓಡಿಸುವವನು, ಶರಣಕುಮಾರನ ಜೊತೆ ಒಂದನೇ ಇಯತ್ತೆಯಿಂದ ಒಂದೇ ಬೆಂಚಿನಲ್ಲಿ ಕೂತವನು. ತಂಡದ ಸಾಮಾನು ಅಂದರೆ ಎರಡು ಪ್ಲಾಸ್ಟಿಕ್ ಕುರ್ಚಿ, ಗಾಜಿಲ್ಲದ ಒಂದು ಚಷ್ಮಾ, ಒಂದು ಟವೆಲ್ಲು. ಟವೆಲ್ಲು ಹೆಗಲ ಮೇಲಿದ್ದರೆ ಗೌಡ, ತಲೆಗೆ ಸುತ್ತಿದರೆ ಕೂಲಿಯವ, ಕೊರಳಿಗೆ ಬಿದ್ದರೆ ಬೀಗ. ಧ್ವನಿಗೆ ಇನ್ನೊಂದು ಫೋನನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಶುರುವಿಗೆ ಒಂದು ಚಪ್ಪಾಳೆ ಹೊಡೆದರೆ ಸಾಕು, ಆಮೇಲೆ ಆ ಸಪ್ಪಳ ನೋಡಿ ಚಿತ್ರವನ್ನೂ ಮಾತನ್ನೂ ಹೊಂದಿಸಬಹುದಿತ್ತು.

ಅಂಬಾರಾಯನಿಗೆ ಮಾತು ನೆನಪಿರುತ್ತಿರಲಿಲ್ಲ. ಹೀಗಾಗಿ ಅವನನ್ನು ಮೂಲೆಯಲ್ಲಿ ಕೂಡಿಸುತ್ತಿದ್ದರು. ಒಂದು ಭಾನುವಾರ ಕನ್ಯಾ ನೋಡುವ ದೃಶ್ಯ. ಶರಣಕುಮಾರ ವರ, ಪಂಚಶೀಲಾ ಹುಡುಗಿ, ಅಂಬಾರಾಯ ಹುಡುಗಿಯ ಸೋದರಮಾವ, ಕೈಯಲ್ಲಿ ಚುರುಮುರಿಯ ಸುಸಲಾ ತುಂಬಿದ ತಟ್ಟೆ. ವರ ಸುಳ್ಳಿನ ಮೇಲೆ ಸುಳ್ಳು ಹೇಳಬೇಕು, ಮಾವ ನಾಲ್ಕೇ ನಾಲ್ಕು ಸಣ್ಣ ಪ್ರಶ್ನೆ ಕೇಳಿ ಅವನನ್ನು ಸಿಕ್ಕಿಹಾಕಿಸಬೇಕು.

“ಕಲಬುರಗ್ಯಾಗ ಎರಡು ಪ್ಲಾಟ್ ಅದಾವ್ರಿ ನಮ್ವು,” ಅಂದ ಶರಣಕುಮಾರ.

ಅಂಬಾರಾಯನಿಗೆ ಪ್ರಶ್ನೆ ಮರೆತೇಹೋಯಿತು. ಬಾಯಿಗೆ ಹೋಗುತ್ತಿದ್ದ ಚಮಚ ಅಲ್ಲೇ ನಿಂತಿತು. ಗೆಳೆಯನ ಮುಖವನ್ನೇ ನೋಡಿದ. ನೋಡಿದ, ನೋಡಿದ. ಕೊನೆಗೆ ಬಹಳ ಮರ್ಯಾದೆಯಿಂದ, “ಹಂಗೇನ್ರಿ?” ಅಂದ.

ಶರಣಕುಮಾರ ಸಿಟ್ಟಿನಿಂದಲೇ ಮುಂದಿನ ಸುಳ್ಳು ಹೇಳಿದ. ಮತ್ತೆ ಚಮಚ ನಿಂತಿತು. ಮತ್ತೆ “ಹಂಗೇನ್ರಿ?” ತೌಸೀಫ ನಗು ತಡೆಯಲು ಅಂಗಿಯ ಕಾಲರನ್ನು ಕಚ್ಚಿಕೊಂಡು ಫೋನನ್ನು ಅಲುಗಿಸದೆ ಹಿಡಿದಿದ್ದ. ಬೇರೆ ಟೇಕ್ ಬೇಡವೇ ಬೇಡ ಅಂದ.

ಆ ವಿಡಿಯೊ ಊರು ದಾಟಿತು, ತಾಲ್ಲೂಕು ದಾಟಿತು. ಬಸ್ ನಿಲ್ದಾಣದಲ್ಲಿ ಕಂಡಕ್ಟರುಗಳು ಅಂಬಾರಾಯನ ಆಟೊ ನೋಡಿ “ಹಂಗೇನ್ರಿ!” ಅಂತ ಕೂಗತೊಡಗಿದರು. ಶರಣಕುಮಾರನ ಅಂಗಡಿಗೆ ಬಂದ ಮುದುಕನೊಬ್ಬ ಪಹಣಿಯ ಪ್ರತಿಗೆ ಕಾಯುತ್ತ, “ಆ ಸುಸಲಾ ತಿನ್ನಾವ ನಿಮ್ಮ ದೋಸ್ತ ಅಂತಲ್ರಿ?” ಎಂದು ಕೇಳಿದ. ಎಂಟು ಸಾಲಿನ ಸುಳ್ಳನ್ನು ಮೂರು ದಿನ ತಿದ್ದಿ ಬರೆದವನು ತಾನು. ಜನ ಹಿಡಿದುಕೊಂಡದ್ದು ತಾನು ಬರೆಯದ ಒಂದು ಶಬ್ದ. ಶರಣಕುಮಾರ ಹೌದ್ರಿ ಅಂದು, ಪ್ರತಿಯನ್ನು ಅಗತ್ಯಕ್ಕಿಂತ ಜೋರಾಗಿ ಕೌಂಟರಿನ ಮೇಲೆ ಇಟ್ಟ.

ಮುಂದಿನ ತಿಂಗಳು ಜೇವರ್ಗಿಯ ಒಂದು ಕಾಲೇಜಿನವರು ವಾರ್ಷಿಕೋತ್ಸವಕ್ಕೆ ಕರೆದರು. ಶರಣಕುಮಾರ ಹೊಸ ಅಂಗಿ ಇಸ್ತ್ರಿ ಮಾಡಿಸಿದ. ವೇದಿಕೆಯ ಮೇಲೆ ಮೈಕ್ ಹಿಡಿದು ತಂಡ ಹುಟ್ಟಿದ್ದು ಹೇಗೆ ಅಂತ ಹೇಳತೊಡಗಿದ. ಎರಡನೇ ವಾಕ್ಯ ಮುಗಿಯುವುದರೊಳಗೆ ಹಿಂದಿನ ಸಾಲಿನಿಂದ ಕೂಗು ಬಂತು, “ಹಂಗೇನ್ರಿ ಅಣ್ಣಗ ಮೈಕ್ ಕೊಡ್ರಿ!” ಇಡೀ ಪೆಂಡಾಲು ಅದನ್ನೇ ಹಿಡಿಯಿತು. ಅಂಬಾರಾಯ ಮೈಕ್ ಇಸಿದುಕೊಂಡು ಏನೂ ತೋಚದೆ ಜನರನ್ನು ನೋಡುತ್ತ ನಿಂತ. ಅಷ್ಟಕ್ಕೇ ಹುಡುಗ-ಹುಡುಗಿಯರು ಬಿದ್ದು ಬಿದ್ದು ನಕ್ಕರು. ಪಕ್ಕದಲ್ಲಿ ಬರಿಗೈಯಲ್ಲಿ ನಿಂತ ಶರಣಕುಮಾರನೂ ನಕ್ಕ. ಆ ನಗುವಿಗೆ ಕೆನ್ನೆಗಳು ನೋಯುತ್ತಿದ್ದವು.

ಊರಿಗೆ ಮರಳುವ ಬಸ್ಸಿನಲ್ಲಿ ಅಂಬಾರಾಯ ಅವನ ಹೆಗಲ ಮೇಲೆ ಕೈ ಹಾಕಿ, “ಎಲ್ಲಾ ನಿಂದ ಪುಣ್ಯಾ ನೋಡೋ ಶರಣ್ಯಾ,” ಅಂದ. ಆ ಕೈ ಶರಣಕುಮಾರನಿಗೆ ಗೊಬ್ಬರದ ಚೀಲದಷ್ಟು ಭಾರವಾಯಿತು.

ಆ ವಾರ ಅವನು ಹೊಸದೊಂದು ಬರೆದ. ಕೋರ್ಟಿನ ದೃಶ್ಯ. ಎಮ್ಮೆ ಕಳವಿನ ಪ್ರಕರಣದಲ್ಲಿ ವಕೀಲನೊಬ್ಬ ಎಮ್ಮೆಯ ವಂಶಾವಳಿಯನ್ನೇ ಹೇಳುತ್ತ ಹೋಗುವ ಒಂದು ಪುಟದ ಮಾತು. ಉಸಿರು ಬಿಡದೆ ಹೇಳಬೇಕಾದ್ದು. ಮೇಲೆ ಹೆಸರು ಬರೆದ: ವಕೀಲ — ಅಂಬಾರಾಯ.

ಪಂಚಶೀಲಾ ಓದಿ ಹುಬ್ಬೇರಿಸಿದಳು. “ಅಣ್ಣಾ, ಇದು ನಿಮ್ಮ ಪಾತ್ರ ಐತಿ. ಅಂಬಾರಾಯಣ್ಣಗ ಇಷ್ಟು ಉದ್ದಾನ ಮಾತು ಎಲ್ಲಿ ಬರಬೇಕ್ರಿ?”

“ಒಂದೇ ಶಬ್ದಕ್ಕ ಇಷ್ಟು ಹೆಸರು ಬಂದೈತಿ. ಪುಟಾನ ಕೊಟ್ರ ಎಷ್ಟು ಬರಬೇಡ?” ಅಂದ ಶರಣಕುಮಾರ. ದನಿಯಲ್ಲಿ ಜೇನು ಸುರಿಸಿಕೊಂಡೇ ಅಂದ.

ಅಂಬಾರಾಯ ವಾರವಿಡೀ ಆಟೊದ ಮುಂದಿನ ಗಾಜಿಗೆ ಆ ಪುಟವನ್ನು ಅಂಟಿಸಿಕೊಂಡು ಓಡಾಡಿದ. ಭಾನುವಾರ, ಯಾರೋ ವಕೀಲರಿಂದ ಬೇಡಿ ತಂದ ಕರಿಕೋಟು ಹಾಕಿಕೊಂಡು ಮಾಳಿಗೆ ಏರಿದ. ಮೊದಲ ಸಲ ಮೂರನೇ ಸಾಲಿಗೆ ತಪ್ಪಿದ. ಎರಡನೇ ಸಲ ಎಮ್ಮೆಯ ಅಜ್ಜಿಯನ್ನು ಮರೆತ. ಐದನೇ ಸಲದ ಹೊತ್ತಿಗೆ ಕಂಕುಳಲ್ಲಿ ಕೋಟು ಒದ್ದೆಯಾಗಿತ್ತು.

ತೌಸೀಫ ಹೇಳಿದ, “ತುಂಡು ತುಂಡು ಮಾಡಿ ತೆಗಿಯೋಣ್ಲೇ. ಎರಡು ಸಾಲು ಅವಂದು, ನಡುವ ಜಡ್ಜ್ ಮುಖ ಇಡೋಣು, ಮತ್ತ ಎರಡು ಸಾಲು. ಯಾವಾಗ್ಲೂ ಮಾಡೂದ ಹಂಗ ಅಲ್ಲೇನು?”

“ಇಲ್ಲ. ನಡುವ ಕಡಿದ್ರ ಉಸಿರ ಹೋಗ್ತದ. ಒಂದೇ ಟೇಕಿನ್ಯಾಗ ಬರಬೇಕು.”

ಬಿಸಿಲು ಏರಿತು. ಗೋಡೆಯ ಮೇಲಿನ ನೆರಳು ಜರುಗಿದ್ದರಿಂದ ಕುರ್ಚಿಗಳನ್ನೂ ಜರುಗಿಸಿದರು. ಫೋನಿನಲ್ಲಿ ಜಾಗ ಸಾಲದೆ ತೌಸೀಫ ಹಳೆಯ ಟೇಕುಗಳನ್ನು ಅಳಿಸಿದ. ಹನ್ನೊಂದನೇ ಸಲ ಅಂಬಾರಾಯ ಕಣ್ಣು ಅರ್ಧ ಮುಚ್ಚಿಕೊಂಡು ಶುರುಮಾಡಿದ. ಸಾಲಿನ ಹಿಂದೆ ಸಾಲು ಸರಿಯಾಗಿ ಬರತೊಡಗಿತು. ಎಮ್ಮೆಯ ಅಜ್ಜಿ ಬಂದಳು, ಮುತ್ತಜ್ಜಿ ಬಂದಳು. ಕೊನೆಯ ಎರಡು ಸಾಲು ಉಳಿದಿದ್ದವು.

“ಕಟ್!” ಅಂದ ಶರಣಕುಮಾರ.

ಮೂವರೂ ಅವನನ್ನು ನೋಡಿದರು.

“ಕೆಳಗ ಗಾಡಿ ಸಪ್ಪಳ ಬಂತು,” ಅಂದ ಅವನು.

ತೌಸೀಫ ಮಾಳಿಗೆಯ ಅಂಚಿನಿಂದ ಓಣಿಯತ್ತ ಬಗ್ಗಿ ನೋಡಿದ, ಬಂದು ಮತ್ತೆ ಫೋನು ಎತ್ತಿ ಹಿಡಿದ. ಮುಂದಿನ ಮೂರು ಸಲವೂ ಅಂಬಾರಾಯ ಮೊದಲ ಸಾಲಿಗೇ ಎಡವಿದ. ಕೊನೆಗೆ ಕೋಟು ಬಿಚ್ಚಿ, ತೋಳುಗಳನ್ನು ಒಳಗೆ ಮಡಿಚಿ ಕುರ್ಚಿಯ ಮೇಲಿಟ್ಟ. “ನನ್ನಿಂದ ಆಗಂಗಿಲ್ಲೋ ಶರಣ್ಯಾ. ಬ್ಯಾರೆಯವರನ್ನ ನೋಡ್ಕೋ,” ಅಂದು ಇಳಿದುಹೋದ.

ಶರಣಕುಮಾರನಿಗೆ ಹಿತವಾಯಿತು. ಆ ಹಿತ ಒಂದು ಗಳಿಗೆಯದಲ್ಲ, ಮೂರು-ನಾಲ್ಕು ದಿನ ಬಾಯಲ್ಲಿ ಬೆಲ್ಲದ ಹಾಗೆ ಉಳಿಯಿತು. ಮುಂದಿನ ಭಾನುವಾರ ವಕೀಲನ ಪಾತ್ರ ತಾನೇ ಮಾಡಿದ. ಎರಡೇ ಟೇಕಿಗೆ ಮುಗಿಸಿದ. ಒಂದು ಅಕ್ಷರ ತಪ್ಪಲಿಲ್ಲ. ವಿಡಿಯೊ ಹಾಕಿ, ಅಂಗಡಿಯಲ್ಲಿ ಕೂತು ಫೋನು ನೋಡಿದ, ಮತ್ತೆ ನೋಡಿದ. ಕಾಮೆಂಟುಗಳಲ್ಲಿ ಎಮ್ಮೆಯ ಬಗ್ಗೆ ಇಬ್ಬರು ಬರೆದಿದ್ದರು. ಉಳಿದವರೆಲ್ಲ ಒಂದೇ ಮಾತು ಕೇಳಿದ್ದರು: ಹಂಗೇನ್ರಿ ಎಲ್ಲಿ? ಅದರ ಮುಂದಿನ ವಿಡಿಯೊಗೆ ಅದನ್ನೂ ಯಾರೂ ಕೇಳಲಿಲ್ಲ.

ಅರ್ಜಿ ತುಂಬಿಸಲು ಬಂದ ಪಂಚಶೀಲಾ ಅವನ ಮುಖ ನೋಡಿದಳು. “ಒಂದು ಕೆಲಸ ಮಾಡ್ರಿ ಅಣ್ಣಾ. ಆ ಕನ್ಯಾ ನೋಡೂ ವಿಡಿಯೊ ಐತಲ್ಲ, ಅದನ್ನ ಧ್ವನಿ ಬಂದ್ ಮಾಡಿ ನೋಡ್ರಿ.”

ಅವಳು ಹೋದ ಮೇಲೆ ಶಟರ್ ಅರ್ಧ ಎಳೆದು ನೋಡಿದ. ತನ್ನ ಬಾಯಿ ಚಟಪಟ ಆಡುತ್ತಿತ್ತು. ಕೈ ಗಾಳಿಯಲ್ಲಿ ಹಾರಾಡುತ್ತಿತ್ತು. ಧ್ವನಿ ಇಲ್ಲದೆ ನೋಡಿದರೆ ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಆದರೆ ಅಂಬಾರಾಯನ ಮುಖ! ಅವನು ಕೇಳುತ್ತಿದ್ದ. ಎರಡು ಪ್ಲಾಟು ಅಂದರೆ ನಿಜವಾಗಿಯೂ ಎರಡು ಪ್ಲಾಟು ಕಂಡವನ ಹಾಗೆ ಕಣ್ಣರಳಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಅನುಮಾನ ಬಂದು, ಮರ್ಯಾದೆಗೆ ಅದನ್ನು ನುಂಗಿಕೊಳ್ಳುತ್ತಿದ್ದ. ಸುಳ್ಳು ಎಷ್ಟು ದೊಡ್ಡದು ಅನ್ನುವುದು ಆ ಮುಖದಲ್ಲೇ ತಿಳಿಯುತ್ತಿತ್ತು. ಶರಣಕುಮಾರ ಬರೆದ ಎಂಟೂ ಸಾಲುಗಳನ್ನು ಇಷ್ಟು ಗಮನ ಕೊಟ್ಟು ಲೋಕದಲ್ಲಿ ಇನ್ನಾರೂ ಕೇಳಿರಲಿಲ್ಲ. ಅದು ಗೊತ್ತಾದ ಮೇಲೂ ಅವನ ಹೊಟ್ಟೆಯೊಳಗಿನ ಉರಿ ಆರಲಿಲ್ಲ. ಅದರ ಜೊತೆಗೆ ನಾಚಿಕೆಯೊಂದು ಬಂದು ಕೂತಿತು.

ಅಂಬಾರಾಯ ಅಂದು ಆಳಂದ ತಾಲ್ಲೂಕಿನ ಹಿರೋಳ್ಳಿಗೆ, ಅಕ್ಕ ರಮಾಬಾಯಿಯ ಮನೆಗೆ ಹೋಗಿದ್ದ. ಮರುದಿನ ಅಂಗಡಿ ಮುಚ್ಚಿ ಶರಣಕುಮಾರ ಅಲ್ಲಿಗೇ ಹೋದ. ಅಂಬಾರಾಯ ಅಂಗಳದಲ್ಲಿ ಕೂತು ತೊಗರಿ ಚೀಲಗಳ ಬಾಯಿ ಹೊಲಿಯುತ್ತಿದ್ದ. ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಹೊಲಿಗೆಗೆ ಬಗ್ಗಿದ.

“ಆ ಪುಟ ನಿನಗ ಬರಬಾರದಂತನ ಬರದಿದ್ದೆ,” ಅಂದ ಶರಣಕುಮಾರ, ನಿಂತುಕೊಂಡೇ.

“ಗೊತ್ತೈತಿ.”

“ಗೊತ್ತಿದ್ದೂ ಯಾಕ ಕಲಿತಿ?”

ಅಂಬಾರಾಯ ದಬ್ಬಣವನ್ನು ಎಳೆದ. “ನೀ ಬರದದ್ದಲ್ಲೇನು? ಕಲತ್ರ ನಿನಗ ಖುಷಿ ಆಗ್ತದಂತ ತಿಳಕೊಂಡಿದ್ದೆ. ಹನ್ನೊಂದನೇ ಸಲ ಸರಿ ಬಂದಿತ್ತೋ. ಓಣ್ಯಾಗ ಗಾಡಿ ಇರಲಿಲ್ಲ.”

ಶರಣಕುಮಾರ ಅಲ್ಲೇ ಚೀಲದ ಪಕ್ಕ ಕೂತ. ಒಳಗಿಂದ ರಮಾಬಾಯಿ ಚಹಾ ತಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ. “ನಿಮ್ಮ ವಿಡಿಯೊ ಇಲ್ಲೀ ಮಂದಿ ಎಲ್ಲಾ ನೋಡ್ತಾರಪ್ಪ,” ಅಂದಳು. ಇಬ್ಬರೂ ಬಸಿಯಲ್ಲಿ ಹಾಕಿಕೊಂಡು ಚಹಾ ಕುಡಿದರು. ಕ್ಷಮಿಸಿದೆ ಅಂತ ಅಂಬಾರಾಯ ಹೇಳಲಿಲ್ಲ. ಹೊರಡುವಾಗ ಮಾತ್ರ, “ಹೊತ್ತು ಬೇಕಾಗ್ತದ,” ಅಂದ.

ಎರಡು ತಿಂಗಳು ಬೇಕಾಯಿತು. ಬಂದಾಗ ಒಂದು ಷರತ್ತು ಹಾಕಿದ: ಕಟ್ ಅನ್ನುವವಳು ಪಂಚಶೀಲಾ ಆಗಬೇಕು. ಶರಣಕುಮಾರ ಒಪ್ಪಿದ. ಬರೆಯುವ ರೀತಿಯೂ ಬದಲಾಯಿತು. ಮೊದಲು ತಾನು ಏನು ಹೇಳಬೇಕು ಅಂತ ಬರೆಯುತ್ತಿದ್ದವನು, ಈಗ ಅಂಬಾರಾಯ ಏನನ್ನು ಕೇಳಿಸಿಕೊಂಡರೆ ಚೆಂದ ಅಂತ ಯೋಚಿಸಿ, ಸಾಲಿನ ಮುಂದೆ ‘ಸುಮ್ಮನೆ ನೋಡುವುದು’ ಎಂದು ಜಾಗ ಬಿಡತೊಡಗಿದ. ಜೋಡಿಸಲು ಕೂತಾಗ ಬೆರಳು ಇನ್ನೂ ತನ್ನಷ್ಟಕ್ಕೆ ಅಂಬಾರಾಯನ ಶಾಟಿನ ತುದಿಗೆ ಹೋಗಿ ಕತ್ತರಿಸಲು ನೋಡುತ್ತದೆ. ಅವನು ಅದನ್ನು ಹಿಂದಕ್ಕೆ ಎಳೆದುಕೊಂಡು, ಒಂದು ಸೆಕೆಂಡು ಹೆಚ್ಚೇ ಬಿಡುತ್ತಾನೆ.

ಮೊನ್ನೆ ಅಂದೋಲಾದಲ್ಲಿ ಒಂದು ದೃಶ್ಯ ತೆಗೆಯಲು ಹೋಗಿದ್ದರು. ಚಹಾದಂಗಡಿಯ ಮುಂದೆ ಹೆಣ್ಣುಮಗಳೊಬ್ಬಳು ಮಕ್ಕಳನ್ನು ಕಟ್ಟಿಕೊಂಡು ಓಡಿಬಂದು ಅಂಬಾರಾಯನ ಪಕ್ಕ ನಿಂತಳು. ತನ್ನ ಫೋನನ್ನು ಶರಣಕುಮಾರನ ಕೈಗಿಟ್ಟು, “ಅಣ್ಣಾ, ನಮ್ದೊಂದು ಫೋಟೊ ಹೊಡೀರಿ,” ಅಂದಳು. ಅವನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಅಂಬಾರಾಯ ಏನೋ ಹೇಳಲು ಬಾಯಿ ತೆರೆದ. ಶರಣಕುಮಾರ ಕಣ್ಣಿನಲ್ಲೇ ಬೇಡ ಅಂದ. ಮೊದಲ ಫೋಟೊದಲ್ಲಿ ಅಂಬಾರಾಯ ಕಣ್ಣು ಮುಚ್ಚಿದ್ದ. ಅದನ್ನೇ ಕೊಟ್ಟುಬಿಡಬಹುದಿತ್ತು.

“ತಡೀರ್ರಿ ಅಕ್ಕಾರ, ಇನ್ನೊಂದು ಹೊಡೀತೇನಿ,” ಅಂದು ಶರಣಕುಮಾರ ಒಂದು ಹೆಜ್ಜೆ ಹಿಂದೆ ಸರಿದು, ಬೆಳಕು ಅಂಬಾರಾಯನ ಮುಖದ ಮೇಲೆ ಬೀಳುವ ಹಾಗೆ ನಿಂತ.