ಬಷೀರ್‌ಗೆ ವಯಸ್ಸಾಯಿತಂತೆ

ಯಲ್ಲಾಪುರದ ಒಂದು ಲಾರಿ ಕಂಪನಿಯ ಗ್ಯಾರೇಜಿನಲ್ಲಿ ಬಷೀರ್ ಬ್ರೇಕ್ ಮೇಸ್ತ್ರಿ. ಅರಬೈಲ್ ಘಟ್ಟ ಇಳಿಯುವ ಲಾರಿಯನ್ನು ತಾನೇ ಒಂದು ಸುತ್ತು ಓಡಿಸಿ ನೋಡದೆ ಗೇಟು ದಾಟಿಸುವವನಲ್ಲ. ಮೀಸೆ ಮೂಡುವ ಮೊದಲು ಸೇರಿದವನು, ಗಡ್ಡ ಬೆಳ್ಳಗಾದದ್ದೂ ಅಲ್ಲಿಯೇ. ಸೇರುವಾಗ ಯಾರೂ ಆದೇಶಪತ್ರ ಕೊಟ್ಟಿರಲಿಲ್ಲ. ಸಾವ್ಕಾರ ಅಂದಾನಪ್ಪ "ನಾಳೆಯಿಂದ ಬಾರೊ" ಅಂದದ್ದೇ ನೇಮಕಾತಿ. ಎಷ್ಟು ವಯಸ್ಸಿನ ತನಕ ಎಂಬ ಮಾತೇ ಅಲ್ಲಿ ಬಂದಿರಲಿಲ್ಲ.

ಅಂದಾನಪ್ಪನ ಮಗ ರವೀಂದ್ರ ಆಡಳಿತಕ್ಕೆ ಬಂದ ಮೇಲೆ ಆ ಮಾತು ಬಂತು. ಐವತ್ತೆಂಟು ತುಂಬಿದವರು ನಿವೃತ್ತರು ಎಂದು ಗೋಡೆಗೆ ನೋಟೀಸು ಅಂಟಿಸಿದ. ಮೊದಲು ಸಿಕ್ಕಿಬಿದ್ದವನು ಟೈರು ಕೆಲಸದ ಗೋವಿಂದ.

"ಪಿಎಫ್ ಪಿಂಚಣಿ ಐವತ್ತೆಂಟಕ್ಕ ಚಾಲೂ ಆಕ್ಕತಿ. ಅಂದ್ರ ಸರ್ಕಾರನ ಮನಿಗೆ ಹೋಗು ಅಂದಂಗ ಅಲ್ಲೇನ್ರಿ?" ಅಂದ ರವೀಂದ್ರ. ಗ್ಯಾರೇಜಿಗೆ ಗ್ಯಾರೇಜೇ ಅದನ್ನು ನಂಬಿತು. ನಾನು ಒಪ್ಪಿ ನಿವೃತ್ತನಾಗುತ್ತಿದ್ದೇನೆ ಎಂಬ ಕಾಗದಕ್ಕೆ ಗೋವಿಂದ ಸಹಿ ಹಾಕಿದ. ಗ್ರಾಚ್ಯುಟಿ ಕೊಟ್ಟರು, ಮರುದಿನವೇ ಅದೇ ಕೆಲಸಕ್ಕೆ ಗುತ್ತಿಗೆಯ ಮೇಲೆ ತೆಗೆದುಕೊಂಡರು. ನಟ್ಟು ಬಿಚ್ಚುವ ಅದೇ ಪಾನಾ, ಅದೇ ಜಾಕು, ಸಂಬಳ ಮಾತ್ರ ಅರ್ಧ. ಹನ್ನೊಂದು ತಿಂಗಳ ಗುತ್ತಿಗೆ ಮುಗಿದ ದಿನ ಗೇಟಿನಲ್ಲಿಯೇ ವಾಪಸು ಕಳಿಸಿದರು. ಅವತ್ತು ಗೋವಿಂದ ಎದುರಿನ ಚಾ ಅಂಗಡಿಯಲ್ಲಿ ಕೂತು ಗ್ಯಾರೇಜನ್ನೇ ನೋಡುತ್ತಿದ್ದ. ಅದನ್ನು ಕಂಡು ಬಷೀರ್‌ನ ಮೈ ಉರಿದುಹೋಗಿತ್ತು.

ಎರಡು ಸಾವಿರದ ಇಪ್ಪತ್ತೆರಡರಲ್ಲಿ ಬಷೀರ್‌ನ ಸರದಿ. ರವೀಂದ್ರ ಅದೇ ಕಾಗದ ಮುಂದಿಟ್ಟ.

"ಸಹಿ ಮಾಡ್ರಿ ಬಷೀರ್ ಮಾಮಾ. ನಾಳೆಯಿಂದ ಮತ್ತ ನಿಮ್ಮನ್ನ ತಗೋತೀನಿ."

"ಇವತ್ತು ಹೊರಗೆ ಹಾಕಿ ನಾಳೆ ಒಳಗೆ ಕರೆಯೋದಾದ್ರೆ ಹೊರಗೆ ಯಾಕೆ ಹಾಕ್ತೀರಿ?" ಅಂದ ಬಷೀರ್. ಪೆನ್ನು ಮುಟ್ಟಲಿಲ್ಲ. ಎಣ್ಣೆ ಕೈಯಲ್ಲೇ ಕಾರ್ಮಿಕ ನಿರೀಕ್ಷಕರ ಕಚೇರಿಗೆ ನಡೆದ.

ನಿರೀಕ್ಷಕಿ ಶಿಲ್ಪಾ ಪೂರ್ತಿ ಕೇಳಿಸಿಕೊಂಡರು. "ಪಿಂಚಣಿ ಶುರುವಾಗೋ ವಯಸ್ಸು ಬೇರೆ, ಕೆಲಸ ಬಿಡೋ ವಯಸ್ಸು ಬೇರೆ. ಐವತ್ತಕ್ಕಿಂತ ಹೆಚ್ಚು ಕೆಲಸಗಾರರು ಇರೋ ಕಂಪನಿ, ತಮ್ಮದೇ ನಿಯಮ ಮಂಜೂರು ಮಾಡಿಸ್ಕೊಂಡಿಲ್ಲ. ಹಾಗಿರುವಾಗ ಸರ್ಕಾರದ ಮಾದರಿ ನಿಯಮವೇ ಲಾಗು. ಅದರಲ್ಲಿ ಅರವತ್ತು ಅಂತಿದೆ. ಗೋಡೆಗೆ ಚೀಟಿ ಅಂಟಿಸಿ ಅದನ್ನ ಇಳಿಸೋಕೆ ಬರಲ್ಲ. ನೀವೇ ಒಪ್ಪಿ ಕರಾರು ಮಾಡಿಕೊಂಡಿದ್ರೆ ಮಾತು ಬೇರೆ ಆಗ್ತಿತ್ತು. ಸಹಿ ಹಾಕಿದ್ರಾ?"

"ಇಲ್ಲ ಮೇಡಂ. ಆದ್ರೆ ಗೋವಿಂದ ಹಾಕಿದ್ದಾನೆ."

"ಗೋವಿಂದ ಅವರೂ ತಕರಾರು ಎತ್ತಬಹುದು. ಆದ್ರೆ ಆ ಸಹಿ ಅಡ್ಡ ಬರುತ್ತೆ."

ಕಚೇರಿಯಿಂದ ಪತ್ರ ಹೋಯಿತು, ರವೀಂದ್ರನನ್ನು ಕರೆಸಿದರು, ನೋಟೀಸು ಇಳಿಯಿತು, ಬಷೀರ್ ಕೆಲಸದಲ್ಲಿ ಉಳಿದ. ಗೋವಿಂದನನ್ನು ತಕರಾರು ಹಾಕು ಎಂದು ಬಷೀರ್ ಎಷ್ಟು ಒತ್ತಾಯಿಸಿದರೂ ಅವನು ಒಪ್ಪಲಿಲ್ಲ. ಇನ್ನು ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ ಅಂದ.

ಎರಡು ವರ್ಷ ಕಳೆಯಿತು. ಬಷೀರ್‌ಗೆ ಅರವತ್ತು ತುಂಬುತ್ತ ಬಂತು. ಕೈಯಲ್ಲಿ ಬಲವಿತ್ತು, ಮನೆಯಲ್ಲಿ ಖರ್ಚಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಗ್ಯಾರೇಜು ಬಿಟ್ಟು ಅವನಿಗೆ ಬೇರೆ ಊರೇ ಗೊತ್ತಿರಲಿಲ್ಲ. ಇನ್ನೊಂದು ವರ್ಷ ಮುಂದುವರಿಸಿ ಎಂದು ಅರ್ಜಿ ಕೊಟ್ಟ.

"ಅರವತ್ತು ಅಂತ ರೂಲ್ಸ್ ತಂದವ್ರು ನೀವ," ಎಂದ ರವೀಂದ್ರ. ಈ ಸಲ ನಗುತ್ತಲೇ ಅಂದ. "ಅದನ್ನ ಪಾಲಸಾಕತ್ತೀನಿ ನೋಡ್ರಿ."

ಬಷೀರ್ ಮತ್ತೆ ಶಿಲ್ಪಾ ಬಳಿ ಓಡಿದ. ಅವರು ಇಲ್ಲವೆಂದು ತಲೆಯಾಡಿಸಿದರು. "ಅರವತ್ತರವರೆಗೆ ನಿಮ್ಮ ಹಕ್ಕು. ಆಮೇಲೆ ಮುಂದುವರಿಸೋದು, ಮತ್ತೆ ತಗೊಳ್ಳೋದು ಅವರ ಇಷ್ಟ. ಕೊಡಲೇಬೇಕು ಅಂತ ನಾನು ಹೇಳೋಕೆ ಬರಲ್ಲ. ಗ್ರಾಚ್ಯುಟಿ ಕೊಡದೆ ಸತಾಯಿಸಿದ್ರೆ ಮಾತ್ರ ಬನ್ನಿ."

ಹಿಂದೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ಅವನಿಗೆ ಗೊತ್ತಿತ್ತು. ಈಗ ಅದೂ ಗೊತ್ತಾಗಲಿಲ್ಲ. ರವೀಂದ್ರನದು ತಪ್ಪಿಲ್ಲವಂತೆ!

ಕೊನೆಯ ದಿನ ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೊರಟಾಗ ಅಂದಾನಪ್ಪ ಆಫೀಸಿನ ದೊಡ್ಡ ಕುರ್ಚಿಯಲ್ಲಿ ಕೂತಿದ್ದರು. ಎಂಬತ್ತು ದಾಟಿದ ಮುದುಕ. ಕಣ್ಣು ಮಸುಕು, ಕಾಲು ಸೋತಿದೆ. ಆದರೂ ದಿನವೂ ಬಂದು ಕೂರದಿದ್ದರೆ ಸಮಾಧಾನವಿಲ್ಲ.

"ಹೊಂಟಿಯೇನೋ? ಮನಿಯಾಗ ಕುಂತು ಏನ್ ಮಾಡ್ತೀ? ಮನಷ್ಯಾ ಅಂದ್ರ ಕೆಲಸ ಮಾಡ್ಕೋತ ಇರಬೇಕು. ನನ್ನ ನೋಡು," ಎಂದು ಏಳಲು ಹೋದರು. ಆಗಲಿಲ್ಲ. ಅಭ್ಯಾಸದಂತೆ ಬಷೀರ್‌ನತ್ತ ಕೈ ಚಾಚಿದರು.

ಬಷೀರ್ ಒಂದೇ ಕೈಯಲ್ಲಿ ಅವರನ್ನು ಎತ್ತಿ ನಿಲ್ಲಿಸಿದ. ಕಾಲು ನೆಲಕ್ಕೆ ಊರುವ ತನಕ ಹಿಡಿದುಕೊಂಡೇ ಇದ್ದ.

"ವಯಸ್ಸಾಗಿದ್ದು ನನಗಂತೆ ಸಾವ್ಕಾರ್ರೆ," ಅಂದ. "ನಾಳೆಯಿಂದ ನಿಮ್ಮನ್ನ ಎಬ್ಬಿಸೋಕೆ ಬೇರೆ ಯಾರನ್ನಾದ್ರೂ ನೋಡಿಕೊಳ್ಳಿ."

ಕೈ ಬಿಡಿಸಿಕೊಂಡು, ಎದುರಿನ ಚಾ ಅಂಗಡಿಯಲ್ಲಿ ಕಾಯುತ್ತಿದ್ದ ಗೋವಿಂದನ ಕಡೆ ನಡೆದ.